ಎಕ್ಸ್‌ರೇಯಲ್ಲಿ ಕುಳಿ ಇದೆ, ಕಫದಲ್ಲಿ ಏನೂ ಸಿಗಲಿಲ್ಲ: ಬಳಗದ ಪ್ರಶ್ನೋತ್ತರ

ಮಂಜುನಾಥ, ಮೂಡಿಗೆರೆ:
ಡಾಕ್ಟರೇ, ನಮ್ಮ ಅಣ್ಣನಿಗೆ 54 ವರ್ಷ. ಕಾಫಿ ಎಸ್ಟೇಟಿನಲ್ಲಿ ರೈಟರ್. ಬೀಡಿ ಸೇದುತ್ತಾನೆ. 2010ರಲ್ಲಿ ಟಿಬಿ ಆಗಿ, ಆರು ತಿಂಗಳು ಮಾತ್ರೆ ನುಂಗಿ ಗುಣವಾಗಿದ್ದ. ಈಗ ಎರಡು ತಿಂಗಳಿಂದ ಕೆಮ್ಮು, ಹೋದ ವಾರ ಕಫದಲ್ಲಿ ಎರಡು ಸಲ ರಕ್ತದ ಗೆರೆ ಕಂಡಿತು. ಎಕ್ಸ್‌ರೇಯಲ್ಲಿ ಬಲಗಡೆ ಮೇಲೆ ನೆರಳು, ಅದರೊಳಗೊಂದು ತೂತು. ಕಫ ನೆಗೆಟಿವ್ ಬಂದಿದೆ. ಎಕ್ಸ್‌ರೇ ನೋಡಿದವರು ಮತ್ತೆ ಟಿಬಿ ಎಂದು ಮಾತ್ರೆ ಬರೆದುಕೊಟ್ಟಿದ್ದಾರೆ. ಶುರು ಮಾಡಿಸಲೇ?

ಡಾ. ಸುಮತಿ, ಶ್ವಾಸಕೋಶ ತಜ್ಞೆ, ಹಾಸನ:
ಮಂಜುನಾಥ ಅವರೇ, ಮೊದಲ ಮಾತ್ರೆ ಬಾಯಿಗೆ ಹೋಗುವ ಮುಂಚೆ ಕಫ ಇನ್ನೊಮ್ಮೆ ಪರೀಕ್ಷೆಗೆ ಹೋಗಬೇಕು. ಮಾತ್ರೆ ಶುರುವಾದ ಕೆಲವೇ ವಾರಗಳಲ್ಲಿ ಲ್ಯಾಬಿನಲ್ಲಿ ಕಫದಿಂದ ಕ್ರಿಮಿ ಬೆಳೆಸಿ ನೋಡುವ ಕಲ್ಚರಿನಲ್ಲಿ ಅದು ಬೆಳೆಯುವುದು ಕಷ್ಟವಾಗುತ್ತದೆ, ಆಮೇಲೆ ಇದು ನಿಜಕ್ಕೂ ಟಿಬಿಯೇ ಆಗಿತ್ತೇ ಎಂಬ ಪ್ರಶ್ನೆಗೆ ಉತ್ತರ ಸಿಗದೇ ಹೋಗಬಹುದು. ಹಿಂದೆ ಒಮ್ಮೆ ಚಿಕಿತ್ಸೆ ಪಡೆದವರಲ್ಲಿ ಔಷಧಕ್ಕೆ ಬಗ್ಗದ ಕ್ರಿಮಿ ಇರುವ ಸಂಭವವೂ ಹೆಚ್ಚು. ಅದನ್ನು ಯಾವ ಎಕ್ಸ್‌ರೇಯೂ ತೋರಿಸಲಾರದು.

ಮಾತ್ರೆ ಬರೆದವರು ಟಿಬಿ ಎಂದು ಯೋಚಿಸಿದ್ದರಲ್ಲಿ ತಪ್ಪಿಲ್ಲ. ದೊಡ್ಡವರಲ್ಲಿ ಈ ಕ್ರಿಮಿ ಶ್ವಾಸಕೋಶದ ಮೇಲ್ಭಾಗವನ್ನೇ ಹೆಚ್ಚಾಗಿ ಹಿಡಿಯುತ್ತದೆ, ಏಕೆಂದರೆ ಅಲ್ಲಿ ಆಮ್ಲಜನಕ ಹೇರಳವಾಗಿದೆ ಮತ್ತು ಕ್ರಿಮಿಯನ್ನು ಹೊರಸಾಗಿಸುವ ದುಗ್ಧರಸದ ಹರಿವು ನಿಧಾನ. ಅಲ್ಲಿ ಕೂತ ಮೇಲೆ ಸುತ್ತಲಿನ ಭಾಗ ಗಿಣ್ಣಿನಂತೆ ಮೆತ್ತಗಾಗಿ, ಆಮೇಲೆ ಕರಗಿ, ಹತ್ತಿರದ ಶ್ವಾಸನಾಳಕ್ಕೆ ಬಾಯಿ ತೆರೆದು ಕೆಮ್ಮಿನಲ್ಲಿ ಹೊರಗೆ ಬರುತ್ತದೆ. ಹಿಂದೆ ಉಳಿಯುವ ಜಾಗವೇ ಆ ತೂತು.

ನನ್ನನ್ನು ತಡೆದು ನಿಲ್ಲಿಸುವುದೂ ಅದೇ ತೂತು. ಅದರ ಗೋಡೆಯ ಮೇಲೆ ಕ್ರಿಮಿಗಳು ಕಿಕ್ಕಿರಿದಿರುತ್ತವೆ ಮತ್ತು ಬಾಗಿಲು ನೇರವಾಗಿ ಶ್ವಾಸನಾಳಕ್ಕೆ ತೆರೆದಿರುತ್ತದೆ. ಸ್ಲೈಡಿನಲ್ಲಿ ಕ್ರಿಮಿ ಕಾಣಬೇಕಾದರೆ ಒಂದು ಮಿಲಿಲೀಟರ್ ಕಫದಲ್ಲಿ ಸುಮಾರು 5,000ದಿಂದ 10,000 ಕ್ರಿಮಿಗಳಿರಬೇಕು. ಜೀವಂತ ಟಿಬಿಯ ಕುಳಿಗೆ ಅದು ದೊಡ್ಡ ಲೆಕ್ಕವಲ್ಲ. ನೆರಳು ಮಾತ್ರ ಇದ್ದು ಕಫ ನೆಗೆಟಿವ್ ಬಂದರೆ ನನಗೆ ಆಶ್ಚರ್ಯವಿಲ್ಲ. ಕುಳಿ ಇದ್ದೂ ನೆಗೆಟಿವ್ ಬಂದರೆ ಏನೋ ತಪ್ಪಿದೆ ಎನ್ನಿಸುತ್ತದೆ. ಕೊಟ್ಟದ್ದು ಕಫವಲ್ಲದೆ ಎಂಜಲಾಗಿರಬಹುದು. ಮೆಡಿಕಲ್ ಶಾಪಿನಿಂದ ಲೆವೊಫ್ಲಾಕ್ಸಾಸಿನ್ ನುಂಗಿ ಕ್ರಿಮಿ ಅರ್ಧ ಅಡಗಿರಬಹುದು. ಕುಳಿ 2010ರದ್ದೇ ಆಗಿದ್ದು, ಈಗ ಅದರಲ್ಲಿ ಬೇರೆ ಯಾರೋ ಬಿಡಾರ ಹೂಡಿರಬಹುದು. ಬೀಡಿ ಸೇದುವ 54 ವರ್ಷದವರಲ್ಲಿ ಒಳಗೋಡೆ ದಪ್ಪಗೆ, ಒರಟಾಗಿರುವ ಕುಳಿ ಕ್ಯಾನ್ಸರಿನದ್ದೂ ಆಗಿರಬಹುದು.

ಕಫ ಹೇಗೆ ಕೊಟ್ಟರು, ಈ ಎರಡು ತಿಂಗಳಲ್ಲಿ ಯಾವ ಯಾವ ಮಾತ್ರೆ ನುಂಗಿದರು, ಹಳೆಯ ಎಕ್ಸ್‌ರೇ ಮನೆಯಲ್ಲಿದೆಯೇ, ಈ ಮೂರನ್ನು ತಿಳಿಸಿ. ಗೆರೆಯಷ್ಟಲ್ಲದೆ ಬಾಯಿ ತುಂಬ ರಕ್ತ ಬಂದರೆ ಇಲ್ಲಿ ಬರೆಯುತ್ತ ಕೂರದೆ ಬಲಮಗ್ಗುಲಿಗೆ ಮಲಗಿಸಿಕೊಂಡು ಆಸ್ಪತ್ರೆಗೆ ಕರೆದೊಯ್ಯಿರಿ. ಹಾಗೆ ಮಲಗಿಸಿದರೆ ರಕ್ತ ಚೆನ್ನಾಗಿರುವ ಎಡಗಡೆಗೆ ಹರಿಯುವುದಿಲ್ಲ.

ವೆಂಕಟೇಶ, ನಿವೃತ್ತ ಮುಖ್ಯೋಪಾಧ್ಯಾಯ, ಬೇಲೂರು:
ನಾನು ತಿಳಿದುಕೊಂಡಿರುವ ಪ್ರಕಾರ ಮೇಲ್ಭಾಗದ ನೆರಳು ಟಿಬಿ, ಕೆಳಭಾಗದ್ದು ನ್ಯುಮೋನಿಯಾ. ಎಕ್ಸ್‌ರೇ ಇಷ್ಟು ಸ್ಪಷ್ಟವಾಗಿರುವಾಗ ಬಡವರನ್ನು ಕಫದ ಡಬ್ಬಿ ಹಿಡಿಸಿ ಅಲೆದಾಡಿಸುವುದು ಏಕೆ?

ಉಷಾ, ಕಡೂರು:
ಮೇಡಂ, ನಮ್ಮ ಅತ್ತೆಗೆ ಸಕ್ಕರೆ ಕಾಯಿಲೆ ಇದೆ. ಎಕ್ಸ್‌ರೇಯಲ್ಲಿ ಕೆಳಗಡೆ ನೆರಳಿದೆ, ನ್ಯುಮೋನಿಯಾ ಎಂದು ಮೂರು ವಾರದಿಂದ ಔಷಧ ಕೊಡುತ್ತಿದ್ದಾರೆ, ಸಂಜೆಯ ಜ್ವರ ಇಳಿದಿಲ್ಲ. ವೆಂಕಟೇಶ್ ಸರ್ ಹೇಳಿದ್ದನ್ನು ಓದಿ ಸಮಾಧಾನವಾಯಿತು, ಟಿಬಿ ಅಲ್ಲ ಎಂದಾಯಿತಲ್ಲವೇ?

ಡಾ. ಸುಮತಿ:
ಉಷಾ ಅವರೇ, ದಯವಿಟ್ಟು ಸಮಾಧಾನಪಡಬೇಡಿ. ಸಕ್ಕರೆ ಕಾಯಿಲೆ ಇರುವವರಲ್ಲಿ ಟಿಬಿ ಕೆಳಭಾಗದಲ್ಲೂ ಬರುತ್ತದೆ. ಮೂರು ವಾರದ ಔಷಧಕ್ಕೆ ಬಗ್ಗದ ಜ್ವರವಿದ್ದರೆ ಕಫವನ್ನು ಟಿಬಿ ಕ್ರಿಮಿಯ ಡಿಎನ್‌ಎ ಹುಡುಕುವ ಸಿಬಿನಾಟ್ ಅಥವಾ ಟ್ರೂನಾಟ್ ಪರೀಕ್ಷೆಗೆ ಈ ವಾರವೇ ಕೊಡಿಸಿ.
ವೆಂಕಟೇಶ್ ಸರ್, ನಿಮ್ಮ ಮಾತಿನ ಅರ್ಧ ಭಾಗ ನಿಜ, ಇನ್ನರ್ಧ ಯಾರ ಮನೆಯಲ್ಲಿ ಏನು ಮಾಡಬಹುದು ಎಂಬುದನ್ನು ಈಗಷ್ಟೇ ನೋಡಿದಿರಿ.

ರಂಗಸ್ವಾಮಿ, ಲ್ಯಾಬ್ ಟೆಕ್ನಿಷಿಯನ್, ಅರಸೀಕೆರೆ ತಾಲ್ಲೂಕು:
ಕಫದ ವಿಷಯದಲ್ಲಿ ಮೇಡಂ ಹೇಳಿದ್ದು ನನಗೆ ದಿನನಿತ್ಯದ ಅನುಭವ. ಡಬ್ಬಿ ಬೆಳಕಿಗೆ ಹಿಡಿದರೆ ನೀರಿನಂತೆ ತೆಳ್ಳಗೆ, ಮೇಲೆ ನೊರೆ, ಬೆಳಗಿನ ಕಾಫಿಯ ಬಣ್ಣ ಬೇರೆ. ಅದನ್ನು ಬಣ್ಣ ಹಾಕಿ ನೂರು ಫೀಲ್ಡ್ ನೋಡಿ ನೆಗೆಟಿವ್ ಎಂದು ಬರೆದರೆ ವರದಿ ಸುಳ್ಳಲ್ಲ, ಆದರೆ ಅದು ಶ್ವಾಸಕೋಶದ ವರದಿಯಲ್ಲ, ಬಾಯಿಯ ವರದಿ. ಬೆಳಿಗ್ಗೆ ಎದ್ದ ಕೂಡಲೇ ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಮನೆಯಿಂದ ಹೊರಗೆ ಗಾಳಿಯಲ್ಲಿ ನಿಂತು, ಎರಡು ಮೂರು ಸಲ ಉಸಿರನ್ನು ಆಳವಾಗಿ ಎಳೆದು, ಹೊಟ್ಟೆಯಿಂದ ಕೆಮ್ಮಿ ತೆಗೆಯಬೇಕು. ಗಟ್ಟಿಯಾಗಿ, ಹಳದಿ ಛಾಯೆಯಿದ್ದು, ಡಬ್ಬಿ ಓರೆ ಮಾಡಿದರೆ ನಿಧಾನವಾಗಿ ಜಾರುವಂಥದ್ದು ಒಂದು ಚಮಚದಷ್ಟಿದ್ದರೆ ಸಾಕು.

ಲೋಕೇಶ, ಆಲೂರು:
ಎಲ್ಲರಿಗೂ ಉಪಯೋಗವಾಗಲಿ ಎಂದು ಕಳಿಸುತ್ತಿದ್ದೇನೆ: ಆಡುಸೋಗೆ ಎಲೆಯ ರಸವನ್ನು ಜೇನುತುಪ್ಪದೊಂದಿಗೆ 21 ದಿನ ಖಾಲಿ ಹೊಟ್ಟೆಯಲ್ಲಿ ಸೇವಿಸಿದರೆ ಶ್ವಾಸಕೋಶದ ತೂತು ಮುಚ್ಚುತ್ತದೆ. ಆಸ್ಪತ್ರೆಯವರು ಇದನ್ನು ಹೇಳುವುದಿಲ್ಲ.

ಡಾ. ಸುಮತಿ:
ಹೇಳುವುದಿಲ್ಲ, ಏಕೆಂದರೆ ಮುಚ್ಚುವುದಿಲ್ಲ. ಆಡುಸೋಗೆ ಕೆಮ್ಮನ್ನು ಸ್ವಲ್ಪ ಸಡಿಲಿಸಬಹುದು. ಆ 21 ದಿನ ಕುಳಿಯಿರುವ ವ್ಯಕ್ತಿ ಲೈನ್ ಮನೆಯ ಒಂದೇ ಕೋಣೆಯಲ್ಲಿ ಮಕ್ಕಳ ಪಕ್ಕದಲ್ಲಿ ಮಲಗಿ ಕೆಮ್ಮುತ್ತಿರುತ್ತಾನೆ.

ಲೋಕೇಶ, ಆಲೂರು:
ನಮ್ಮ ಅಜ್ಜ ಇದರಿಂದಲೇ ಗುಣವಾದರು. ಅನುಭವಕ್ಕಿಂತ ದೊಡ್ಡ ಪರೀಕ್ಷೆ ಬೇಕೇ?

ರಂಗಸ್ವಾಮಿ:
ನಿಮ್ಮ ಅಜ್ಜನವರಿಗೆ ಇದ್ದದ್ದು ಟಿಬಿಯೇ ಎಂದು ಯಾವ ಪರೀಕ್ಷೆಯಿಂದ ಗೊತ್ತಾಯಿತು?

ಲೋಕೇಶ, ಆಲೂರು:
ಸೂಕ್ಷ್ಮದರ್ಶಕ ಇಟ್ಟುಕೊಂಡವರೆಲ್ಲ ಪಂಡಿತರಾಗಿಬಿಟ್ಟಿದ್ದಾರೆ.

ವೆಂಕಟೇಶ, ಬೇಲೂರು:
ಲೋಕೇಶ್, ಹಿರಿಯರ ಔಷಧದ ಬಗ್ಗೆ ನನಗೂ ಗೌರವವಿದೆ, ಆದರೆ ಇಲ್ಲಿ ಒಬ್ಬರ ಅಣ್ಣನ ಬಾಯಲ್ಲಿ ರಕ್ತ ಬರುತ್ತಿದೆ. ಹಾಗೆಯೇ ರಂಗಸ್ವಾಮಿಯವರ ಮಾತಿನ ಧಾಟಿಯೂ ಸರಿಯಿಲ್ಲ.

ರಂಗಸ್ವಾಮಿ:
ನಾನು ಕೇಳಿದ್ದು ಒಂದು ಪ್ರಶ್ನೆಯನ್ನು ಮಾತ್ರ, ಸರ್. ಅದಕ್ಕೆ ಉತ್ತರ ಇನ್ನೂ ಬಂದಿಲ್ಲ.

ನಾಗರತ್ನ, ಆಶಾ ಕಾರ್ಯಕರ್ತೆ, ಸಕಲೇಶಪುರ ತಾಲ್ಲೂಕು:
ಮೇಡಂ, ನಮ್ಮ ಭಾಗದ ಒಬ್ಬ ರೋಗಿಗೆ ನಿಕ್ಷಯ್ ಪೋಷಣೆಯ ಹಣ ಎರಡು ತಿಂಗಳಿಂದ ಖಾತೆಗೆ ಬಂದಿಲ್ಲ. ಯಾರನ್ನು ಕೇಳಬೇಕು?

ಪ್ರಸನ್ನ, ಹಾಸನ:
ಕಫ ನೆಗೆಟಿವ್ ಬಂದರೆ ಟಿಬಿ ಇಲ್ಲ ಎಂದರ್ಥ ತಾನೇ?

ಡಾ. ಸುಮತಿ:
ಅಲ್ಲ. ಮೇಲೆ ಓದಿ.

ಮಂಜುನಾಥ, ಮೂಡಿಗೆರೆ:
ಡಾಕ್ಟರೇ, ಅತ್ತಿಗೆಯ ಟ್ರಂಕಿನಲ್ಲಿ 2010ರ ಚಿಕಿತ್ಸೆ ಮುಗಿದಾಗ ತೆಗೆದ ಎಕ್ಸ್‌ರೇ ಸಿಕ್ಕಿತು. ಎರಡರ ಫೋಟೋ ಹಾಕಿದ್ದೇನೆ. ಮೊದಲ ಸಲ ಕಫವನ್ನು ಮಧ್ಯಾಹ್ನ ಊಟವಾದ ಮೇಲೆ ಆಸ್ಪತ್ರೆಯಲ್ಲೇ ಕೊಟ್ಟನಂತೆ. ಮಾತ್ರೆಯ ಖಾಲಿ ಪಟ್ಟಿಯೂ ಸಿಕ್ಕಿತು. ನೀವು ಹೇಳಿದ ಲೆವೊಫ್ಲಾಕ್ಸಾಸಿನ್, ಹತ್ತು ದಿನ ನುಂಗಿದ್ದಾನೆ.

ಡಾ. ಸುಮತಿ:
ಫೋಟೋದಲ್ಲಿ ಎಕ್ಸ್‌ರೇಗಿಂತ ನಿಮ್ಮ ಟ್ಯೂಬ್‌ಲೈಟ್ ಚೆನ್ನಾಗಿ ಕಾಣುತ್ತಿದೆ, ಆದ್ದರಿಂದ ನಾನು ಹೇಳುವುದನ್ನು ವರದಿ ಎಂದು ತಿಳಿಯಬೇಡಿ. ಹಳೆಯ ಎಕ್ಸ್‌ರೇಯಲ್ಲೂ ಬಲಗಡೆ ಕೊರಳೆಲುಬಿನ ಹಿಂದೆ, ಅದೇ ಜಾಗದಲ್ಲಿ ತೆಳುಗೋಡೆಯ ಕುಳಿ ಇದೆ. ಶ್ವಾಸನಾಳ ಬಲಕ್ಕೆ ಎಳೆದುಕೊಂಡಿದೆ. ಅದು ಗಾಯ ಮಾಗಿ ಸುತ್ತಲಿನದ್ದನ್ನು ಜಗ್ಗಿದ ಗುರುತು. ಅಂದರೆ ಕುಳಿ ಹೊಸದಲ್ಲ. ಇದೊಂದು ಸಂಗತಿಯನ್ನು ಹೊಸ ಎಕ್ಸ್‌ರೇ ಎಷ್ಟು ಹೊತ್ತು ನೋಡಿದರೂ ಹೇಳುತ್ತಿರಲಿಲ್ಲ, ಹಳೆಯದನ್ನು ಪಕ್ಕದಲ್ಲಿಟ್ಟಾಗ ಮಾತ್ರ ಗೊತ್ತಾಯಿತು.

ಹೊಸದಾಗಿರುವುದು ಎರಡು. ಆಗ ಖಾಲಿಯಿದ್ದ ಕುಳಿಯೊಳಗೆ ಈಗ ಉಂಡೆಯಂಥದ್ದೇನೋ ಇದ್ದು, ಅದರ ಮೇಲೆ ಬಿದಿಗೆ ಚಂದ್ರನ ಹಾಗೆ ಗಾಳಿಯ ಕಪ್ಪು ಗೆರೆ ಇದ್ದಂತಿದೆ. ಹಳೆಯ ಟಿಬಿ ಕುಳಿಯಲ್ಲಿ ಬೂಷ್ಟು ಬೆಳೆದು ಉಂಡೆಗಟ್ಟಿದರೆ ಹೀಗೆ ಕಾಣುತ್ತದೆ, ರಕ್ತವೂ ಬರುತ್ತದೆ, ಟಿಬಿ ಮಾತ್ರೆಯಿಂದ ಅದು ಕದಲುವುದಿಲ್ಲ. ಎರಡನೆಯದಾಗಿ, ಕುಳಿಯ ಕೆಳಗೆ ಚದುರಿದ ಕೆಲವು ಚುಕ್ಕೆಗಳಿವೆ. ಅವು ಟಿಬಿ ಮರುಕಳಿಸಿದ್ದರಿಂದಲೂ ಆಗಬಹುದು, ಒಳಗೆ ಇಳಿದ ರಕ್ತದಿಂದಲೂ ಆಗಬಹುದು. ಎದೆಯ ಸಿಟಿ ಮಾಡಿಸಿ. ಬೆಳಗಿನ ಕಫದಲ್ಲಿ ಸ್ಲೈಡ್, ಸಿಬಿನಾಟ್, ಕಲ್ಚರ್ ಮೂರನ್ನೂ ಕೇಳಿ. ಬೂಷ್ಟಿನ ಪರೀಕ್ಷೆ ಬೇಕೆಂದು ಚೀಟಿಯಲ್ಲಿ ಪ್ರತ್ಯೇಕವಾಗಿ ಬರೆಸಿ.

ವೆಂಕಟೇಶ, ಬೇಲೂರು:
ಇಷ್ಟೆಲ್ಲ ಏಕೆ, ಚರ್ಮಕ್ಕೆ ಚುಚ್ಚುವ ಮಾಂಟೂ ಪರೀಕ್ಷೆ ಮಾಡಿದರೆ ಗೊತ್ತಾಗುವುದಿಲ್ಲವೇ?

ಡಾ. ಸುಮತಿ:
ಗೊತ್ತಾಗುವುದಿಲ್ಲ, ಸರ್. ಒಮ್ಮೆ ಟಿಬಿ ಬಂದವರಿಗೆ ಅದು ಉಬ್ಬುವುದು ಸಹಜ.

ಮಂಜುನಾಥ, ಮೂಡಿಗೆರೆ:
ಡಾಕ್ಟರೇ, ಫಲಿತಾಂಶ ಬಂದಿದೆ. ಈ ಸಲ ಬೆಳಿಗ್ಗೆ ನಾನೇ ಪಕ್ಕದಲ್ಲಿ ನಿಂತು ಕಫ ತೆಗೆಸಿದೆ. ಸ್ಲೈಡ್ ಎರಡೂ ನೆಗೆಟಿವ್. ಸಿಬಿನಾಟಿನಲ್ಲಿ ಟಿಬಿ ಕ್ರಿಮಿ ಅತ್ಯಲ್ಪ ಪ್ರಮಾಣದಲ್ಲಿ ಪತ್ತೆಯಾಗಿದೆ, ರಿಫಾಂಪಿಸಿನ್ ಪ್ರತಿರೋಧ ನಿರ್ಧಾರವಾಗಿಲ್ಲ ಎಂದು ಬರೆದಿದ್ದಾರೆ. ಸಿಟಿಯಲ್ಲಿ ಉಂಡೆ ಇದೆಯಂತೆ. ಹಾಗಾದರೆ ಇದು ಟಿಬಿಯೋ ಬೂಷ್ಟೋ?

ಲೋಕೇಶ, ಆಲೂರು:
ಇಷ್ಟು ಯಂತ್ರಗಳಿಗೆ ತೋರಿಸಿಯೂ ಏನೆಂದು ಗೊತ್ತಾಗಲಿಲ್ಲ. ನಾನು ಹೇಳಿದ್ದಕ್ಕೆ ನಕ್ಕಿರಿ.

ಡಾ. ಸುಮತಿ:
ಲೋಕೇಶ್, ಈ ಎಳೆಯಲ್ಲಿ ನಿಮ್ಮ ಮುಂದಿನ ಸಂದೇಶಕ್ಕೆ ನಾನು ಉತ್ತರಿಸುವುದಿಲ್ಲ.

ಮಂಜುನಾಥ ಅವರೇ, ಎರಡೂ ಇರಬಹುದು. ಉಂಡೆ ಇದೆ ಎಂದ ಮಾತ್ರಕ್ಕೆ ಟಿಬಿ ಇಲ್ಲವೆಂದಾಗುವುದಿಲ್ಲ. ಸಿಬಿನಾಟ್ ಹುಡುಕುವುದು ಕ್ರಿಮಿಯ ಡಿಎನ್‌ಎಯನ್ನು, ಅದು ಬದುಕಿದೆಯೇ ಸತ್ತಿದೆಯೇ ಎಂದು ನೋಡುವುದಿಲ್ಲ. ಹಿಂದೆ ಚಿಕಿತ್ಸೆ ಪಡೆದವರ ಹಳೆಯ ಗಾಯದಿಂದ ಸತ್ತ ಕ್ರಿಮಿಯ ಚೂರು ಬಂದು ಹೀಗೆ ಅತ್ಯಲ್ಪ ಎಂದು ತೋರಿಸುವುದುಂಟು. ಆದರೆ ಇಷ್ಟು ವರ್ಷಗಳ ನಂತರ, ಹೊಸ ಚುಕ್ಕೆಗಳೂ ಇರುವಾಗ, ಅದು ಬರೀ ಹಳೆಯ ಚೂರು ಎಂದು ನಾನು ಧೈರ್ಯವಾಗಿ ಹೇಳಲಾರೆ. ಹೊಸ ಕಫದಲ್ಲಿ ಸಿಬಿನಾಟ್ ಇನ್ನೊಮ್ಮೆ ಮಾಡಿಸಬೇಕು, ಟಿಬಿಯ ಮುಖ್ಯ ಔಷಧವಾದ ರಿಫಾಂಪಿಸಿನ್‌ಗೆ ಕ್ರಿಮಿ ಬಗ್ಗುತ್ತದೆಯೇ ಎಂಬುದಕ್ಕೆ ಉತ್ತರ ಅದರಲ್ಲಿ ಸಿಗಬಹುದು. ಬದುಕಿರುವ ಕ್ರಿಮಿಯನ್ನು ತೋರಿಸುವುದು ಕಲ್ಚರ್ ಮಾತ್ರ. ದ್ರವ ಮಾಧ್ಯಮದಲ್ಲಿ ಅದಕ್ಕೆ 42 ದಿನಗಳವರೆಗೆ ಕಾಯುತ್ತಾರೆ. ಅಷ್ಟು ದಿನ ಮಾತ್ರೆಯಿಲ್ಲದೆ ಕಾಯುವುದೋ, ಕಫ ಕಳಿಸಿ ಶುರು ಮಾಡಿಬಿಡುವುದೋ ಎಂಬುದು ಅವರ ತೂಕ, ಜ್ವರ, ರಕ್ತದ ಪ್ರಮಾಣ ನೋಡಿ ಎದುರಿಗೆ ಕೂರಿಸಿಕೊಂಡು ತೀರ್ಮಾನಿಸುವ ವಿಷಯ. ಸೋಮವಾರ ಎರಡೂ ಎಕ್ಸ್‌ರೇ ಮತ್ತು ಸಿಟಿಯ ಜೊತೆಗೆ ಅಣ್ಣನನ್ನು ಕರೆದುಕೊಂಡು ಬನ್ನಿ.

ಮಂಜುನಾಥ, ಮೂಡಿಗೆರೆ:
ಬರುತ್ತೇವೆ ಡಾಕ್ಟರೇ. ಕುಯ್ಲು ಮುಗಿಯದೆ ಬರುವುದಿಲ್ಲ ಎನ್ನುತ್ತಿದ್ದಾನೆ, ಅತ್ತಿಗೆಯ ಕೈಯಲ್ಲಿ ಹೇಳಿಸುತ್ತೇನೆ.

ಪ್ರಸನ್ನ, ಹಾಸನ:
ಮೇಲೆ ಎಲ್ಲಿ ಓದಬೇಕು ಮೇಡಂ? ಕಫ ನೆಗೆಟಿವ್ ಇದ್ದರೆ ಟಿಬಿ ಇಲ್ಲ ಎಂದು ತಾನೇ?

ರಂಗಸ್ವಾಮಿ:
ಪ್ರಸನ್ನ ಅವರೇ, ಬೆಳಿಗ್ಗೆ ಎದ್ದ ಕೂಡಲೇ ಡಬ್ಬಿ ಹಿಡಿದುಕೊಂಡು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ಕಾಫಿ ಕುಡಿಯದೆ ಹೋಗಿ.