ಒರೆಬಣ್ಣವೋ, ಗೀಟುಬಣ್ಣವೋ?

ಬಾಗಲಕೋಟೆಯಿಂದ, ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಹೈಸ್ಕೂಲ್ ಮಕ್ಕಳಿಗಾಗಿ ಕಲ್ಲು ಗುರುತಿಸುವ ಸಣ್ಣ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಕಲ್ಲು ಕಣ್ಣಿಗೆ ಕಾಣುವ ಬಣ್ಣಕ್ಕೆ ‘ಮೈಬಣ್ಣ’ ಅಂತ ಬರೆದಿದ್ದೇನೆ. ಅದರಲ್ಲಿ ತಕರಾರಿಲ್ಲ. ಅದೇ ಕಲ್ಲನ್ನು ಹೊಳಪಿಲ್ಲದ ಬಿಳಿ ಪಿಂಗಾಣಿ ಬಿಲ್ಲೆಗೆ ಉಜ್ಜಿದಾಗ ಪುಡಿಯ ಗೀಟು ಬೀಳುತ್ತದಲ್ಲ, ಭೂವಿಜ್ಞಾನದವರು ‘ಸ್ಟ್ರೀಕ್’ ಅನ್ನುವುದು, ಅದಕ್ಕೆ ಏನನ್ನಲಿ? ‘ಗೀಟುಬಣ್ಣ’ ಮಕ್ಕಳಿಗೆ ಬೇಗ ತಿಳಿಯುತ್ತದೆ. ‘ಒರೆಬಣ್ಣ’ ಕೇಳಲು ಚೆಂದ.

ಇನ್ನೊಂದು ತೊಡಕೂ ಇದೆ. ಅಮೀನಗಡದ ಕಡೆಯಿಂದ ಮೂರು ಕಲ್ಲು ತರಿಸಿದ್ದೆ. (ಕರದಂಟು ತರಲಿಲ್ಲವೇ ಅಂತ ಮನೆಯಲ್ಲಿ ಕೇಳಿದರು!) ಮೂರೂ ಕಪ್ಪು, ಭಾರ. ಸಂಜೆ ಎಲ್‌ಇಡಿ ಬಲ್ಬಿನ ಕೆಳಗೆ ಒಂದನ್ನು ಉಜ್ಜಿಸಿದೆ. ಅದೇ ಗೀಟನ್ನು ನೋಡಿ ಕೆಲವರು ಕೆಂಪು ಅಂದರು, ಕೆಲವರು ಕಂದು ಅಂದರು, ಒಬ್ಬ ಕಪ್ಪು ಅಂದ. ಕೈಪಿಡಿಯಲ್ಲಿ ಯಾವುದನ್ನು ಬರೆಯಲಿ?

ಬೆಳಗಾವಿಯಿಂದ, ಪತ್ತಾರಿಕೆ ಮನೆತನದವರು

ಸರ್, ‘ಒರೆ’ ಅಂತಲೇ ಇಡಿ. ನಮ್ಮ ಅಂಗಡಿಯಲ್ಲಿ ಬಂಗಾರವನ್ನು ಒರೆಗೆ ಹಚ್ಚದೆ ಕೈಗೆ ತಗೊಳ್ಳುವುದೇ ಇಲ್ಲ. ಕಪ್ಪು ಒರೆಗಲ್ಲಿನ ಮೇಲೆ ಗೀಟು ಎಳೆದು, ಪಕ್ಕದಲ್ಲಿ ಗೊತ್ತಿರುವ ಬಂಗಾರದ ಗೀಟು ಎಳೆದು, ಎರಡಕ್ಕೂ ಆಸಿಡ್ ಹಚ್ಚಿ ನೋಡುತ್ತೇವೆ. ಮಾತು ಒಂದೇ, ಅಲ್ವಾ? ಕಲ್ಲು ಕಪ್ಪಿನ ಬದಲು ಬಿಳಿ, ಅಷ್ಟೇ. ಹೀಗೆ ಮಾಣಿಕ್ಯ, ನೀಲ, ಪಚ್ಚೆ ಎಲ್ಲವನ್ನೂ ಒರೆಗೆ ಹಚ್ಚಿ ಅಸಲಿ ನಕಲಿ ಹೇಳಬಹುದು ಅಂತ ಸೇರಿಸಿ. ಮಕ್ಕಳಿಗೆ ಆಸಕ್ತಿ ಬರುತ್ತದೆ.

ಹುನಗುಂದದಿಂದ, ನಿವೃತ್ತ ಭೂವಿಜ್ಞಾನಿ

ಪತ್ತಾರ ಅಣ್ಣಾರು ಪದದಲ್ಲಿ ಸರಿ. ಪಕ್ಕದಲ್ಲಿ ಗೊತ್ತಿರುವ ಗೀಟು ಎಳೆಯುವ ಪದ್ಧತಿಯಂತೂ ಚಿನ್ನದಂಥದ್ದು, ಅದನ್ನು ನಾವೂ ಮಾಡಬೇಕು. ಆದರೆ ರತ್ನಗಳ ಮಾತನ್ನು ದಯವಿಟ್ಟು ಸೇರಿಸಬೇಡಿ. ಒಂದರಿಂದ ಹತ್ತರವರೆಗಿನ ಮೋಸ್ ಅಳತೆಯಲ್ಲಿ ಪಿಂಗಾಣಿ ಬಿಲ್ಲೆಯ ಗಡಸುತನ ಸುಮಾರು 7. ಮಾಣಿಕ್ಯ ಮತ್ತು ನೀಲದ್ದು 9. ಉಜ್ಜಿದರೆ ಬಿಲ್ಲೆಯೇ ಸವೆದು ಬಿಳಿ ಪುಡಿ ಬೀಳುತ್ತದೆ. ಅದು ರತ್ನದ ಒರೆ ಅಲ್ಲ, ಪಿಂಗಾಣಿಯದ್ದು. ಪಚ್ಚೆಯದೂ ಅದೇ ಕಥೆ. ಇನ್ನು ಮಾಣಿಕ್ಯವನ್ನೇ ಅರೆದು ಪುಡಿ ಮಾಡಿದರೂ ಬಿಳಿಯೇ ಬರುತ್ತದೆ, ಯಾಕೆಂದರೆ ಅದರ ಕೆಂಪು ಚಿಟಿಕೆ ಕ್ರೋಮಿಯಂನಿಂದ ಬಂದದ್ದು. ಕೆತ್ತಿದ ಹರಳಿನ ಅಂಚು ಹಾಳಾಗುವುದು ಬೇರೆ.

ಒರೆ ನಿಜವಾಗಿ ಕೆಲಸಕ್ಕೆ ಬರುವುದು ನಿಮ್ಮ ಮೂರು ಕಲ್ಲುಗಳಂಥವಕ್ಕೆ. ಆ ಕಡೆಯ ಗುಡ್ಡಗಳಲ್ಲಿ ಕಬ್ಬಿಣದ ಅದಿರು ಇದೆ. ಹೆಮಟೈಟ್, ಮ್ಯಾಗ್ನಟೈಟ್, ಗೋಥೈಟ್ ಮೂರೂ ಮೈಬಣ್ಣದಲ್ಲಿ ಕಪ್ಪಾಗಿ ಕಾಣಬಹುದು. ಒರೆಗೆ ಹಚ್ಚಿದರೆ ಹೆಮಟೈಟ್ ಹುರಮಂಜಿನ ಕೆಂಪು, ಗೋಥೈಟ್ ಹಳದಿ ಕಲೆತ ಕಂದು, ಮ್ಯಾಗ್ನಟೈಟ್ ಕಪ್ಪು. ಗೋಡೆಗೆ ಬಳಿಯುವ ಹುರಮಂಜಿನ ಕೆಂಪು ಹೆಮಟೈಟ್‌ನದೇ. ಬಾದಾಮಿಯ ಬಂಡೆಗಳ ಕೆಂಪೂ ಅದರಿಂದಲೇ.

ಕಪ್ಪು ಕಲ್ಲು ಯಾಕೆ ಕೆಂಪು ಪುಡಿ ಕೊಡುತ್ತದೆ? ಇಡೀ ಹೆಮಟೈಟ್ ಬೆಳಕನ್ನು ಮೈಮೇಲಿಂದಲೇ ಕನ್ನಡಿಯಂತೆ ವಾಪಸ್ ಕಳಿಸುತ್ತದೆ, ಒಳಗೆ ಹೋದದ್ದು ಹೊರಗೆ ಬರುವುದಿಲ್ಲ. ಹಾಗಾಗಿ ಉಕ್ಕಿನ ಬೂದು, ಕಪ್ಪು ಕಾಣುತ್ತದೆ. ನುಣ್ಣಗೆ ಪುಡಿಯಾದರೆ ಒಂದೊಂದು ಕಣವೂ ತೆಳ್ಳಗೆ. ಬೆಳಕು ಅದನ್ನು ಹಾದು ಹೊರಗೆ ಬರುತ್ತದೆ. ನೀಲಿ, ಹಸಿರು ಕಣದೊಳಗೇ ಉಳಿಯುತ್ತವೆ, ಕೆಂಪು ದಾಟಿ ಬರುತ್ತದೆ. ಮ್ಯಾಗ್ನಟೈಟ್ ಎಲ್ಲ ಬಣ್ಣವನ್ನೂ ನುಂಗುತ್ತದೆ, ಎಷ್ಟು ಅರೆದರೂ ಕಪ್ಪೇ.

ಈಗ ನಿಮ್ಮ ಜಗಳಕ್ಕೆ ಬರೋಣ. ಕೆಂಪನ್ನು ತೋರಿಸಬೇಕಾದರೆ ಮೇಲೆ ಬೀಳುವ ಬೆಳಕಿನಲ್ಲಿ ಕೆಂಪು ಇರಬೇಕು. ಅಗ್ಗದ ಬಿಳಿ ಎಲ್‌ಇಡಿಯಲ್ಲಿ ನೀಲಿ, ಹಳದಿ ಜಾಸ್ತಿ, ಗಾಢ ಕೆಂಪು ತೀರಾ ಕಮ್ಮಿ. ಕಣ್ಣಿಗೆ ಗೋಡೆ ಬೆಳ್ಳಗೇ ಕಾಣುವುದರಿಂದ ಬೆಳಕು ಸರಿಯಿದೆ ಅಂದುಕೊಳ್ಳುತ್ತೇವೆ. ಹುರಮಂಜಿನ ಗೀಟು ಮಾತ್ರ ಮಂಕಾಗಿ ಕಂದಾಗುತ್ತದೆ, ದಪ್ಪಗೆ ಎಳೆದಿದ್ದರೆ ಕಪ್ಪಿಗೆ ಹತ್ತಿರ. ಹಳೆಯ ಹಳದಿ ಬಲ್ಬಿನದು ಇದಕ್ಕೆ ಉಲ್ಟಾ. ಅದರಲ್ಲಿ ಕೆಂಪು ಬೇಕಾದಷ್ಟಿದೆ, ಗೋಥೈಟ್‌ನ ಗೀಟೂ ಕೆಂಪಿನ ಕಡೆಗೆ ವಾಲುತ್ತದೆ.

ಹಗಲಲ್ಲಿ, ನೇರ ಬಿಸಿಲಲ್ಲಲ್ಲ, ವರಾಂಡದ ನೆರಳಲ್ಲಿ ಮಾಡಿಸಿ. ಬಣ್ಣದ ಗೋಡೆ ಹತ್ತಿರ ಬೇಡ. ಕಲ್ಲಿನ ಮೇಲಿನ ಮಣ್ಣು, ತುಕ್ಕು ತೊಳೆದು, ಹೊಸದಾಗಿ ಒಡೆದ ಮುಖದಿಂದ ಉಜ್ಜಿಸಿ, ಇಲ್ಲದಿದ್ದರೆ ತುಕ್ಕಿನ ಬಣ್ಣವೇ ಬರುತ್ತದೆ. ಅದಿರಿನಲ್ಲಿ ಬಿಳಿ ಬೆಣಚು ಪಟ್ಟಿ ಇದ್ದರೆ ಅದನ್ನು ಬಿಟ್ಟು ಕಪ್ಪು ಪಟ್ಟಿಯನ್ನು ಹಿಡಿಯಿರಿ. ಒಂದು ಇಂಚು ಗೀಟು ಸಾಕು. ದಪ್ಪ ಪುಡಿ ಊದಿ, ಬೆರಳಿಂದ ತುಸು ಹರಡಿ ನೋಡಿ, ತೆಳುವಾದ ಕಡೆಯೇ ನಿಜವಾದ ಬಣ್ಣ. ಬಿಲ್ಲೆ ಸಿಗದಿದ್ದರೆ ಟೈಲ್ಸ್ ಹಿಂಬದಿ ನಡೆಯುತ್ತದೆ, ಬಿಳಿ ಮೈಯದ್ದಿರಲಿ. ಕೆಂಪು ಮಣ್ಣಿನ ಟೈಲ್ಸ್ ಮೇಲೆ ಹೆಮಟೈಟ್ ಹುಡುಕಿದವರನ್ನೂ ನೋಡಿದ್ದೇನೆ.

ವಿಜಯಪುರದಿಂದ

ಅಣ್ಣಾರ, ನನ್ನದೂ ಬಣ್ಣದ್ದೇ ಪ್ರಶ್ನೆ. ಮಗಳ ಮದುವೆಗೆ ಕೆಂಪು ಹರಳಿನ ಉಂಗುರ ತಗೊಂಡೆ. ಅಂಗಡಿಯಲ್ಲಿ ಕೆಂಡದಂತೆ ಹೊಳೆಯುತ್ತಿತ್ತು. ಮನೆಗೆ ತಂದು ಟ್ಯೂಬ್‌ಲೈಟಿನಲ್ಲಿ ನೋಡಿದರೆ ಮಂಕು. ಬದಲಾಯಿಸಿಬಿಟ್ಟರೇ? ಟೈಲ್ಸಿಗೆ ಉಜ್ಜಿ ನೋಡಲೇ?

ಹುನಗುಂದದಿಂದ

ಅಯ್ಯೋ, ಉಜ್ಜಬೇಡಿ ಅಕ್ಕಾರ! ಬದಲಾಯಿಸಿದ್ದಾರೆ ಅಂತ ಇಷ್ಟಕ್ಕೇ ಹೇಳಲಾಗದು. ಅಂಗಡಿಯ ಹಳದಿ ದೀಪದಲ್ಲಿ ಕೆಂಪು ಜಾಸ್ತಿ, ಕೆಂಪು ಹರಳು ಅಲ್ಲಿ ಚೆನ್ನಾಗಿ ಬೆಳಗುತ್ತದೆ. ಟ್ಯೂಬ್‌ಲೈಟಿನಲ್ಲಿ ಆ ಕೆಂಪು ಕಮ್ಮಿ. ಅಲೆಕ್ಸಾಂಡ್ರೈಟ್ ಅಂತ ಒಂದು ರತ್ನವಿದೆ, ರಷ್ಯಾದ ಉರಲ್ ಬೆಟ್ಟಗಳಲ್ಲಿ ಮೊದಲು ಸಿಕ್ಕಿದ್ದು. ಹಗಲಲ್ಲಿ ಹಸಿರು, ಹಳದಿ ಬಲ್ಬಿನಲ್ಲಿ ಕೆಂಪು. ಯಾರೂ ಬದಲಾಯಿಸಿರುವುದಿಲ್ಲ.

ಉಂಗುರವನ್ನು ಬಿಳಿ ಹಾಳೆಯ ಮೇಲಿಟ್ಟು ಹಗಲು ಕಿಟಕಿಯ ಹತ್ತಿರ ನೋಡಿ. ಅದರ ಮೈಬಣ್ಣ ತಿಳಿಯುತ್ತದೆ. ಆದರೂ ಅದು ಮಾಣಿಕ್ಯವೋ, ಗಾರ್ನೆಟ್ಟೋ, ಗಾಜೋ ಅಂತ ಬಣ್ಣ ಹೇಳುವುದಿಲ್ಲ. ಬೆಳಕು ಎಷ್ಟು ಬಾಗುತ್ತದೆ ಅಂತ ಅಳೆಯುವ ರತ್ನ ಪ್ರಯೋಗಾಲಯಕ್ಕೇ ಕೊಡಬೇಕು.

ಬೆಳಗಾವಿಯಿಂದ

ಮಾಣಿಕ್ಯದ ಮಾತು ಒಪ್ಪಿದೆ. ನಾವೂ ಕೆತ್ತಿದ ಹರಳನ್ನು ಒರೆಗೆ ಹಚ್ಚಿಲ್ಲ, ಹಚ್ಚಬಹುದು ಅಂತ ಹಿರಿಯರು ಹೇಳಿದ್ದು ಕೇಳಿದ್ದೆ. ಆದರೆ ಪದದಲ್ಲಿ ಮಾತ್ರ ನಾನು ಜಗ್ಗುವುದಿಲ್ಲ, ‘ಒರೆ’ಯೇ.

ಬಾಗಲಕೋಟೆಯಿಂದ

ಸರ್, ಬೆಳಿಗ್ಗೆ ವರಾಂಡದಲ್ಲಿ ಮತ್ತೆ ಮಾಡಿಸಿದೆ. ಸಂಜೆ ಜಗಳವಾಗಿದ್ದ ಕಲ್ಲು ಸ್ಪಷ್ಟ ಹುರಮಂಜು, ಎಲ್ಲರೂ ಒಂದೇ ಉತ್ತರ ಕೊಟ್ಟರು. ಎರಡನೆಯದು ಹಳದಿ ಕಂದು. ಮೂರನೆಯದೇ ಕಾಡುತ್ತಿದೆ. ಗೀಟು ಕೆಂಪು, ಆದರೆ ಆಯಸ್ಕಾಂತ ಕಲ್ಲನ್ನು ಎಳೆಯುತ್ತದೆ. ಹೆಮಟೈಟ್ ಹಾಗೆ ಅಂಟಬಾರದಲ್ಲ?

ಪದದ ಮಟ್ಟಿಗೆ ಮಕ್ಕಳು ‘ಗೀಟು’ ಅನ್ನುತ್ತಲೇ ಇದ್ದಾರೆ. ‘ಒರೆ’ ಅಂದರೆ ಒಬ್ಬಳು ಕತ್ತಿ ಇಡುವ ಒರೆಯೇ ಅಂತ ಕೇಳಿದಳು. ಗೀಟು ಎಳೆಯುವ ಕೆಲಸಕ್ಕೆ ‘ಒರೆ ಹಚ್ಚುವುದು’, ಬಿದ್ದ ಬಣ್ಣಕ್ಕೆ ‘ಗೀಟುಬಣ್ಣ’ ಅಂತ ಸದ್ಯಕ್ಕೆ ಬರೆದಿದ್ದೇನೆ. ಪತ್ತಾರರು ಒಪ್ಪಲಿಕ್ಕಿಲ್ಲ.

ಹುನಗುಂದದಿಂದ

ಆಯಸ್ಕಾಂತಕ್ಕೆ ಹಾಗೆ ಅಂಟುವುದು ಮ್ಯಾಗ್ನಟೈಟ್. ಅದು ನಿಧಾನಕ್ಕೆ ಹೆಮಟೈಟ್ ಆಗಿ ಬದಲಾಗುವುದುಂಟು, ಹೊರಗಿನ ಆಕಾರ ಹಾಗೇ ಉಳಿದಿರುತ್ತದೆ. ನಿಮ್ಮದು ಅರ್ಧ ಬದಲಾದದ್ದಿರಬಹುದು, ಇಲ್ಲವೇ ಎರಡೂ ಪಕ್ಕಪಕ್ಕ ಬೆರೆತಿರಬಹುದು. ಒಂದು ಚೂರನ್ನು ಒರಳಲ್ಲಿ ಅರೆದು, ಆಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಪುಡಿಯ ಮೇಲೆ ಆಡಿಸಿ. ಅಂಟಿದ್ದನ್ನು ಬೇರೆ ಮಾಡಿ ಮತ್ತೆ ಅರೆದು ಬಿಲ್ಲೆಗೆ ಉಜ್ಜಿ. ಅದು ಕಪ್ಪಾದರೆ, ಉಳಿದದ್ದು ಕೆಂಪಾದರೆ, ಎರಡೂ ಬೆರೆತಿವೆ. ಅಂಟಿದ್ದೂ ಕೆಂಪೇ ಬಂದರೆ ಕೈಗೆ ಸಿಗುವ ಉಪಕರಣಗಳಿಂದ ಬಿಡಿಸಲಾಗದಷ್ಟು ನುಣ್ಣಗೆ ಬೆರೆತಿದೆ ಅಂತ. ಆಗ ಕಲ್ಲನ್ನು ಕತ್ತರಿಸಿ ಪಾಲಿಶ್ ಮಾಡಿಸಿ ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಪುಡಿ ಏನಾಯಿತು ಬರೆಯಿರಿ.