ಸ್ಪಾಂಜ್ ಎಸಿ, ಬ್ರಷ್ ಇಟ್ಕೋ

ಪಲ್ಲವಿ: "ಚಿಕ್ಕಮ್ಮ, ಫೌಂಡೇಶನ್ ಹಚ್ಚಿದ್ರೆ ಗೆರೆ ಗೆರೆ ಬರ್ತಿದೆ, ಕೆನ್ನೆ ಮೇಲೆ ಸಣ್ಣ ಗುಳ್ಳೆ ಬೇರೆ. ಬ್ರಷ್ ಶಾಂಪೂ ಹಾಕಿ ತೊಳ್ದೆ, ಕೂದ್ಲು ಉದುರ್ತಿದೆ. ಸ್ಪಾಂಜ್ ಮೇಲೆ ಕಪ್ಪು ಚುಕ್ಕಿ. ಅಕ್ಕನ ಮದ್ವೆಗೆ ಹೊಸ ಸೆಟ್ಟೇ ತಗೊಳ್ಲಾ?"

ಪಲ್ಲು, ಟೈಪ್ ಮಾಡ್ತಾ ಕೂತ್ರೆ ರಾತ್ರಿ ಆಗೋಗುತ್ತೆ ಕಣೆ, ವಾಯ್ಸೇ ಕಳಿಸ್ತಿದೀನಿ, ಸ್ವಲ್ಪ ಉದ್ದ ಆಗುತ್ತೆ. ಅತ್ತಿಗೆ, ನೀವೂ ಕೇಳಿ, ನಿಮ್ ಕಾಂಪ್ಯಾಕ್ಟ್ ವಿಷ್ಯಾನೂ ಇದ್ರಲ್ಲಿ ಬರುತ್ತೆ.

ಸೆಟ್ ಬೇಡ. ಸ್ಪಾಂಜ್ ಮಾತ್ರ ಇವತ್ತೇ ಎಸಿ, ತೊಳ್ದು ನೋಡೋಣ ಅಂತ ಕೂರ್ಬೇಡ. ಆ ಕಪ್ಪು ಚುಕ್ಕಿ ಬೂಷ್ಟು ಕಣೆ, ಮೇಲೆ ಕಾಣೋಷ್ಟೊತ್ತಿಗೆ ಒಳಗೂ ಹೊಕ್ಕಿರುತ್ತೆ, ನಂಬಿಕೆ ಇಲ್ದಿದ್ರೆ ಎಸೆಯೋಕ್ ಮುಂಚೆ ಕತ್ತರಿಲಿ ಎರಡು ಹೋಳು ಮಾಡಿ ನೋಡು. ಸೋಪು ಮೇಲಿನ ಬಣ್ಣ ತೆಗಿಯುತ್ತೆ, ಒಳಗಿಂದು ಅಲ್ಲೇ ಕೂತಿರುತ್ತೆ. ಇದು ಯಾಕ್ ಬರುತ್ತೆ ಅಂದ್ರೆ ನಾವು ಸ್ಪಾಂಜನ್ನ ಒದ್ದೆ ಮಾಡ್ಕೊಂಡೇ ಬಳಸ್ತೀವಲ್ಲ, ಬಳಸಿದ್ಮೇಲೆ ಅದು ಬಂದಿದ್ ಪ್ಲಾಸ್ಟಿಕ್ ಡಬ್ಬಿಗೇ ಹಾಕಿ ಮುಚ್ಚಳ ಹಾಕ್ಬಿಡ್ತೀವಿ, ಒಳಗೆ ನೀರು, ಫೌಂಡೇಶನ್ನು, ಮುಖದ ಎಣ್ಣೆ ಎಲ್ಲಾ ಸೇರಿ, ಅದ್ರ ಮೇಲೆ ನಿಮ್ ತೀರ್ಥಹಳ್ಳಿ ಮಳೆ ಬೇರೆ, ಇನ್ನೇನ್ ಬೇಕು ಬೂಷ್ಟಿಗೆ! ನೀನೊಬ್ಳೇ ಅಲ್ಲ ಬಿಡು, 2019ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಆಸ್ಟನ್ ಯೂನಿವರ್ಸಿಟಿಯವ್ರು ಜನ ಬಳಸಿದ್ ಮೇಕಪ್ ಸಾಮಾನೆಲ್ಲಾ ತರಿಸ್ಕೊಂಡು ಪರೀಕ್ಷೆ ಮಾಡಿದ್ರು, ಅದ್ರಲ್ಲಿ 100ಕ್ಕೆ 93 ಸ್ಪಾಂಜನ್ನ ಒಂದ್ಸಲಾನೂ ತೊಳ್ದೇ ಇರ್ಲಿಲ್ಲವಂತೆ, ಅರ್ಧಕ್ಕಿಂತ ಜಾಸ್ತಿ ನೆಲಕ್ಕೆ ಬಿದ್ದು ಮತ್ತೆ ಮುಖಕ್ಕೆ ಹೋಗಿದ್ದವು.

ಹೊಸ ಸ್ಪಾಂಜ್ ತಗೊಂಡ್ಮೇಲೆ ಬಳಸಿದ್ ದಿನಾನೇ ತೊಳಿ. ಮೊದ್ಲು ಉಗುರುಬೆಚ್ಚಗಿನ ನೀರಲ್ಲಿ ಅದು ಪೂರ್ತಿ ಉಬ್ಬೋ ತನಕ ಹಿಂಡಿ ಹಿಂಡಿ ನೆನೆಸು, ಆಮೇಲೆ ಸೋಪಿನ ಮೇಲೆ ಉಜ್ಜಿ, ಅಂಗೈಲಿ ಇಟ್ಕೊಂಡು ಒತ್ತು. ಉಗುರು ಹಾಕ್ಬೇಡ, ಹರಿಯುತ್ತೆ. ಮೊದ್ಲು ಬರೋ ನೊರೆ ಕಂದು ಬಣ್ಣಕ್ಕಿರುತ್ತೆ, ಅದು ಬೆಳ್ಳಗಾಗೋ ತನಕ ಮಾಡು, ಆಮೇಲೆ ಸೋಪು ಪೂರ್ತಿ ಹೋಗೋ ಹಾಗೆ ನೀರಲ್ಲಿ ಹಿಂಡು, ಟವಲ್ಲಲ್ಲಿ ಒತ್ತಿ ಗಾಳಿ ಆಡೋ ಜಾಗದಲ್ಲಿ ಇಡು. ಇನ್‌ಸ್ಟಾದಲ್ಲಿ ನೋಡ್ಬಿಟ್ಟು ಒಣ ಸ್ಪಾಂಜ್ ಮೈಕ್ರೋವೇವ್‌ಗೆ ಹಾಕೋದು ಗೀಕೋದು ಮಾಡ್ಬೇಡಮ್ಮ, ಸುಟ್ಟೋಗುತ್ತೆ. ದಿನಾ ಬಳಸೋದಾದ್ರೆ ಎಷ್ಟೇ ಚೆನ್ನಾಗಿ ತೊಳ್ದ್ರೂ ಮೂರು ತಿಂಗಳಿಗೆ ಬದಲಾಯಿಸು, ಅದಕ್ಕೂ ಮುಂಚೆ ಹರಿದ್ರೆ, ತೊಳ್ದು ಒಣಗಿಸಿದ್ಮೇಲೂ ವಾಸ್ನೆ ಇದ್ರೆ ಅವತ್ತೇ ಎಸಿ.

ಈಗ ಬ್ರಷ್ ವಿಷ್ಯ. ಕೂದ್ಲು ಉದುರ್ತಿರೋದಕ್ಕೆ ಶಾಂಪೂ ಕಾರಣ ಅಲ್ಲ, ಬಹುಶಃ ನೀನು ತೊಳ್ದಿದ್ ರೀತಿ, ಒಣಗಿಸಿದ್ ರೀತಿ. ಬ್ರಷ್ ಕೂದ್ಲು ಆ ತಗಡಿನ ಕೊಳವೆ ಇದ್ಯಲ್ಲ, ಅದ್ರೊಳಗೆ ಅಂಟಲ್ಲಿ ನಿಂತಿರೋದು. ನೀನು ಲೋಟದ ತುಂಬ ನೀರು ಹಾಕಿ ಬ್ರಷ್ ಮುಳುಗಿಸಿಟ್ಟಿದ್ರೆ, ಇಲ್ಲಾ ತೊಳ್ದು ಪೆನ್ ಸ್ಟ್ಯಾಂಡಲ್ಲಿ ಕೂದ್ಲು ಮೇಲ್ಮುಖ ಮಾಡಿ ನಿಲ್ಸಿದ್ರೆ, ನೀರೆಲ್ಲಾ ಕೆಳಗಿಳ್ದು ಕೊಳವೆ ಒಳಗೆ ಹೋಗಿ ಅಂಟು ಬಿಡುತ್ತೆ, ಮರದ ಹಿಡಿ ಊದ್ಕೊಂಡು ಬಿರುಕೂ ಬಿಡುತ್ತೆ. ಅದಕ್ಕೇ ತೊಳಿಯೋವಾಗ ತುದಿ ಕೆಳಗೇ ಇರ್ಬೇಕು, ಕೊಳವೆ ನೆನಿಬಾರ್ದು.

ನಿಂದು ಫೌಂಡೇಶನ್ ಬ್ರಷ್ ಅಲ್ವಾ, ಹಾಗಾದ್ರೆ ಬರೀ ಶಾಂಪೂ ಸಾಲಲ್ಲ ಅದಕ್ಕೆ. ತುಂಬಾ ಹೊತ್ತು ನಿಲ್ಲೋ ಫೌಂಡೇಶನ್ ನೀರಿಗೆ ಬಗ್ಗಲ್ಲ, ಎಣ್ಣೆಗೆ ಬಗ್ಗುತ್ತೆ. ಒಂದು ತಟ್ಟೆಲಿ ಎರಡು ಮೂರು ಹನಿ ಕೊಬ್ರಿ ಎಣ್ಣೆ ಹಾಕಿ ಒಣ ಬ್ರಷ್ಷನ್ನೇ ಅದ್ರಲ್ಲಿ ನಿಧಾನಕ್ಕೆ ಸುತ್ತು, ಕಂದು ಬಣ್ಣ ಹೇಗ್ ಬಿಡುತ್ತೆ ಅಂತ ನೀನೇ ನೋಡ್ತೀಯ, ಅದನ್ನ ಟಿಶ್ಯೂಗೆ ಒರೆಸು. ಆಮೇಲೆ ತುದಿ ಮಾತ್ರ ಒದ್ದೆ ಮಾಡಿ ಬೇಬಿ ಶಾಂಪೂ ಒಂದು ಹನಿ ಅಂಗೈಗೆ ಹಾಕ್ಕೊಂಡು ಸುತ್ತು, ತೊಳಿ, ಮತ್ತೆ ಇನ್ನೊಂದ್ಸಲ ಶಾಂಪೂ. ಎರಡನೇ ಸಲ ಬಿಡ್ಬೇಡ, ಎಣ್ಣೆ ಉಳಿದ್ರೆ ಮಾರನೇ ದಿನ ಫೌಂಡೇಶನ್ ಮುಖದ ಮೇಲೆ ನಿಲ್ಲದೆ ಜಾರುತ್ತೆ. ಕೂದ್ಲಿನ ಬುಡದಲ್ಲಿ ಬೆರಳಿಟ್ಟು ಒತ್ತಿ ನೋಡು, ಅಲ್ಲಿಂದ ಬರೋ ನೀರೂ ತಿಳಿಯಾಗಿದ್ರೆ ಮುಗೀತು. ನಿಂಗೆ ಗೆರೆ ಬರ್ತಿರೋದು ಈ ಬುಡದಿಂದ್ಲೇ ಇರ್ಬೇಕು, ತುದಿ ಕ್ಲೀನಾಗಿ ಕಂಡ್ರೂ ಬುಡದಲ್ಲಿ ಹಳೇದು ಗಟ್ಟಿಯಾಗಿ ಕೂದ್ಲು ಗುಂಪು ಗುಂಪಾಗಿ ಅಂಟ್ಕೊಂಡಿರುತ್ತೆ, ಆವಾಗ ಅದು ಹರಡಲ್ಲ, ಪೊರಕೆ ಥರ ಎಳ್ಕೊಂಡು ಹೋಗುತ್ತೆ.

ಒಣಗಿಸೋವಾಗ ಟವಲ್ಲಲ್ಲಿ ಒತ್ತಿ, ಬೆರಳಲ್ಲಿ ಆಕಾರ ಸರಿ ಮಾಡಿ, ಟೇಬಲ್ ಅಂಚಲ್ಲಿ ಮಲಗಿಸು, ಕೂದ್ಲಿರೋ ಭಾಗ ಹೊರಗೆ ಗಾಳಿಲಿರ್ಲಿ. ಡ್ರೈಯರ್ ಬಿಸಿ ಬೇಡ, ಫ್ಯಾನ್ ಸಾಕು. ಮಳೆಗಾಲದಲ್ಲಿ ಒತ್ತೊತ್ತಾಗಿರೋ ಬ್ರಷ್ ಒಂದ್ ರಾತ್ರಿಗೆ ಒಣಗಲ್ಲ ಪಲ್ಲು, ಮೇಲೆ ಒಣಗಿದಂಗಿದ್ರೂ ಬುಡ ತಣ್ಣಗೆ ಸಿಗುತ್ತೆ ಕೈಗೆ. ಹಾಗಾಗಿ ಮದ್ವೆ ಭಾನುವಾರ ಅಂದ್ರೆ ಶುಕ್ರವಾರ ಬೆಳಗ್ಗೇನೇ ತೊಳ್ದಿಡು, ಶನಿವಾರ ರಾತ್ರಿ ತೊಳ್ದು ಅರ್ಧಂಬರ್ಧ ಒದ್ದೆ ಬ್ರಷ್ಷಲ್ಲಿ ಪೌಡರ್ ಮುಟ್ಟಿದ್ರೆ ಕೆನ್ನೆ ಮೇಲೆ ಕಲೆ ಕಲೆ ಕೂರುತ್ತೆ. ಮಾಮೂಲಿ ದಿನಗಳಲ್ಲಿ ಫೌಂಡೇಶನ್ ಬ್ರಷ್ಷಿಗೆ ವಾರಕ್ಕೊಂದ್ಸಲ, ಪೌಡರ್ ಬ್ರಷ್ ಸ್ವಲ್ಪ ತಡ ಆದ್ರೂ ನಡಿಯುತ್ತೆ.

ಬ್ರಷ್ ಎಸೆಯೋದು ಯಾವಾಗ ಅಂದ್ರೆ, ಇದಕ್ಕೆ ತಿಂಗಳ ಲೆಕ್ಕ ಇಲ್ಲ, ಚೆನ್ನಾಗಿ ನೋಡ್ಕೊಂಡ್ರೆ ವರ್ಷಗಟ್ಲೆ ಬರುತ್ತೆ. ಹೊಸ್ದರಲ್ಲಿ ನಾಕು ಕೂದ್ಲು ಉದುರೋದು ಸಹಜ. ಪೂರ್ತಿ ಒಣಗಿದ್ಮೇಲೆ ಬೆರಳಲ್ಲಿ ಮೆಲ್ಲಗೆ ಎಳೆದ್ರೆ ಪ್ರತೀ ಸಲ ಕೂದ್ಲು ಕೈಗೆ ಬರ್ತಾನೇ ಇದ್ರೆ ಒಳಗಿನ ಅಂಟು ಹೋಗಿದೆ ಅಂತ, ಅದನ್ನ ಬಿಟ್ಬಿಡು. ಕೊಳವೆ ಮತ್ತೆ ಹಿಡಿ ಮಧ್ಯೆ ಮಾತ್ರ ಅಲ್ಲಾಡ್ತಿದ್ರೆ ಒಣಗಿಸಿ ಗಮ್ ಹಾಕಿ ಕೂರಿಸ್ಬಹುದು, ಅಷ್ಟಕ್ಕೆಲ್ಲಾ ದುಡ್ಡು ಕಳೀಬೇಡ.

ಅತ್ತಿಗೆ, ನಿಮ್ ಕಾಂಪ್ಯಾಕ್ಟ್ ಹತ್ತಲ್ಲ ಅಂತ ಹೇಳ್ತಿದ್ರಲ್ಲ, ಅದು ಹಳೇದಾಗಿರೋದಕ್ಕೇ ಅಂತ ಹೇಳಕ್ಕಾಗಲ್ಲ, ಪಫ್ ನೋಡಿ ಒಂದ್ಸಲ. ಪಫ್ಫಲ್ಲಿರೋ ಮುಖದ ಎಣ್ಣೆ ಪೌಡರ್ ಮೇಲೆ ಕೂತು ಗಟ್ಟಿ ಹೊಳಪು ಪದರ ಆಗಿರುತ್ತೆ. ಸೆಲ್ಲೋಟೇಪ್ ಮೆಲ್ಲಗೆ ಅಂಟಿಸಿ ಎತ್ತಿ, ಪದರ ಬರುತ್ತೆ, ಕೆಳಗೆ ಪೌಡರ್ ಚೆನ್ನಾಗೇ ಇರುತ್ತೆ. ಪಫ್ ಸೋಪಲ್ಲಿ ತೊಳ್ದು ಒಣಗಿಸಿ, ಅಂಚು ಬಿಟ್ಟಿದ್ರೆ ಬೇರೆ ತಗೊಳಿ.

ಗುಳ್ಳೆಗೆ ಪಲ್ಲು, ಬ್ರಷ್ ಸ್ಪಾಂಜ್ ಮಾತ್ರಾನೇ ಕಾರಣ ಅಂತ ನಾನು ಹೇಳಲ್ಲ. ಇತ್ತೀಚೆಗೆ ಹೊಸ ಕ್ರೀಮು ಏನಾದ್ರೂ ಶುರು ಮಾಡಿದ್ಯಾ ಯೋಚ್ನೆ ಮಾಡು. ತುರಿಕೆ ಇದ್ರೆ, ಕೆಂಪಾಗಿದ್ರೆ ಮೇಕಪ್ಪೇ ನಿಲ್ಸಿ ಸ್ಕಿನ್ ಡಾಕ್ಟ್ರಿಗೆ ತೋರಿಸು, ಮದ್ವೆ ಹತ್ರ ಬರೋ ತನಕ ಕಾಯ್ಬೇಡ.

ಮತ್ತೆ ಮದ್ವೆ ಮನೇಲಿ ಆರು ಹುಡ್ಗೀರು ಒಂದೇ ಸ್ಪಾಂಜು, ಒಂದೇ ಕಾಜಲ್ಲು ಅಂತ ಮಾಡ್ಬೇಡಿ, ಯಾರಿಗಾದ್ರೂ ಮದ್ರಾಸ್ ಐ ಇದ್ರೆ ಎಲ್ಲಾರಿಗೂ ಹತ್ತುತ್ತೆ. ಬ್ರಷ್ ಫೋಟೋ ತೆಗ್ದು ಇಲ್ಲೇ ಹಾಕು, ಬುಡ ಕಾಣೋ ಹಾಗೆ ಕೂದ್ಲು ಬಿಡಿಸಿ ಹಿಡ್ಕೊಂಡು ತೆಗಿ, ನೋಡಿ ಹೇಳ್ತೀನಿ.