ಅಮ್ಮನ ಬಿ12 ವಿಷಯ

ಅತ್ತಿಗೆ ಕೇಳಿದ್ದು: "ಅತ್ತೆಗೆ ದಿನಾ ಹಾಲು, ಮೊಸರು ಕೊಡ್ತೀನಲ್ಲ, ಆದ್ರೂ ಬಿ12 ಹೆಂಗೆ ಕಮ್ಮಿ ಆಯ್ತು? ಮಾತ್ರೆ ಸಾಲ್ದಾ, ಇಂಜೆಕ್ಷನ್ನೇ ಯಾಕೆ?"

ಅತ್ತಿಗೆ, ಸ್ವಲ್ಪ ಉದ್ದ ಆಗುತ್ತೆ, ಸೊಪ್ಪು ಬಿಡಿಸ್ತಾ ಕೇಳಿಸ್ಕೊಳ್ಳಿ.

ಮೊದಲು ಹಾಲಿನ ಲೆಕ್ಕ. ಬಿ12 ವಿಟಮಿನ್ ದಿನಕ್ಕೆ ಎರಡು ಮೈಕ್ರೋಗ್ರಾಂ ಮೇಲೆ ಚೂರು ಬೇಕು. 100 ಎಂಎಲ್ ಹಾಲಲ್ಲಿ ಇರೋದು ಸುಮಾರು ಅರ್ಧ ಮೈಕ್ರೋಗ್ರಾಂ. ಅಮ್ಮಂದು ಎರಡು ಸಣ್ಣ ಲೋಟ ಕಾಫಿ, ಊಟಕ್ಕೆ ನೀರು ಮಜ್ಜಿಗೆ. ಎಲ್ಲಾ ಕೂಡಿದ್ರೂ ಹಾಲು 200 ಎಂಎಲ್ ದಾಟಲ್ಲ, ಅಂದ್ರೆ ಅರ್ಧಕ್ಕರ್ಧ ಕೊರತೆ. ಮುದ್ದೆ, ಬಸ್ಸಾರಲ್ಲಿ ಬೇರೆ ಸತ್ವ ಇದೆ, ಬಿ12 ಇಲ್ಲ. ಅದನ್ನ ಮಾಡೋದು ಬ್ಯಾಕ್ಟೀರಿಯಾ, ಗಿಡ ಅಲ್ಲ. ಲಿವರ್‌ನಲ್ಲಿ ವರ್ಷಗಟ್ಟಲೆಗೆ ಆಗೋಷ್ಟು ದಾಸ್ತಾನು ಇರೋದ್ರಿಂದ ಇಷ್ಟು ದಿನ ಗೊತ್ತಾಗಿಲ್ಲ.

ಆದ್ರೆ ಅಣ್ಣ ಉಣ್ಣೋದೂ ಅದೇ ಊಟ, ಅವನ ರಿಪೋರ್ಟ್ ಸರಿಯಾಗೇ ಇತ್ತಲ್ಲ? ಅದಕ್ಕೇ ಅಮ್ಮನ ಹೊಟ್ಟೆ ಕಡೆ ನೋಡ್ಬೇಕು. ಊಟದಲ್ಲಿ ಬಿ12 ಪ್ರೋಟೀನ್‌ಗೆ ಅಂಟ್ಕೊಂಡಿರುತ್ತೆ, ಬಿಡಿಸಕ್ಕೆ ಜಠರದ ಆಸಿಡ್ ಬೇಕು. ವಯಸ್ಸಾದ ಎಷ್ಟೋ ಜನಕ್ಕೆ ಅದು ಕಮ್ಮಿ ಆಗುತ್ತೆ. ಅಮ್ಮ ಗ್ಯಾಸ್‌ಗೆ ಅಂತ ವರ್ಷಗಳಿಂದ ನುಂಗೋ ಪ್ಯಾಂಟೊಪ್ರಜೋಲ್ ಇನ್ನಷ್ಟು ಇಳಿಸುತ್ತೆ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಕೂಡ ಬಿ12 ಇಳಿಸುತ್ತೆ. ತೊಂದರೆ ಇಷ್ಟೇ ಆಗಿದ್ರೆ ಮಾತ್ರೆ ಸಾಕು, ಅದರಲ್ಲಿರೋದು ಪ್ರೋಟೀನ್‌ಗೆ ಅಂಟದ ಬಿಡಿ ಬಿ12.

ಡಾಕ್ಟ್ರಿಗಿರೋ ಅನುಮಾನ ಬೇರೆ. ಆಸಿಡ್ ಬಿಡೋ ಅದೇ ಜಠರದ ಕೋಶಗಳು ಇಂಟ್ರಿನ್ಸಿಕ್ ಫ್ಯಾಕ್ಟರ್ ಅನ್ನೋ ಪ್ರೋಟೀನೂ ಬಿಡ್ತವೆ. ಸಣ್ಣ ಕರುಳಿನ ಕೊನೆಯಲ್ಲಿ ಅದು ಬಿ12ಗೆ ಗೇಟ್ ಪಾಸ್ ಇದ್ದಂಗೆ. ಪರ್ನಿಷಿಯಸ್ ಅನೀಮಿಯಾದಲ್ಲಿ ನಮ್ಮ ರೋಗನಿರೋಧಕ ಶಕ್ತಿಯೇ ಆ ಕೋಶಗಳನ್ನ ಹಾಳು ಮಾಡುತ್ತೆ. ಆಗ ಹಾಲು ಬಿಡಿ, ದಿನಾ ಮಾಂಸ ತಿಂದ್ರೂ ಉಪಯೋಗ ಇಲ್ಲ. ದೊಡ್ಡಪ್ಪ ಗ್ರೂಪಲ್ಲಿ "ಬಿ12 ಕೊರತೆ ಸಸ್ಯಾಹಾರಿಗಳ ಕಾಯಿಲೆ" ಅಂದಿದ್ದು ಅರ್ಧ ಮಾತ್ರ ನಿಜ.

ಪಾಸ್ ಇಲ್ದೆ ದಾಟೋದು ನೂರಕ್ಕೆ ಒಂದು ಪಾಲು. 1000 ಮೈಕ್ರೋಗ್ರಾಂ ಮಾತ್ರೆಯಲ್ಲಿ ಹತ್ತು ಒಳಗೆ ಹೋಗುತ್ತೆ, ಮುಂದಕ್ಕೆ ಅದೇ ಸಾಕಾಗ್ಬಹುದು. ಈಗ ಇಂಜೆಕ್ಷನ್ ಯಾಕಂದ್ರೆ, ಅಮ್ಮಂಗೆ ಅಂಗಾಲು ಜೋಮು, ಕತ್ತಲಲ್ಲಿ ನಡೆಯಕ್ಕೆ ತೂರಾಟ. ಅದು ನರದ ತೊಂದರೆ, ತಡ ಆದ್ರೆ ಪೂರ್ತಿ ವಾಪಸ್ ಬರದೆ ಹೋಗ್ಬಹುದು. ಹಿಮೋಗ್ಲೋಬಿನ್ 11 ಇದೆ, ಸ್ವಲ್ಪ ತಾನೇ ಕಮ್ಮಿ ಅಂತ ಸಮಾಧಾನ ಪಡಬೇಡಿ, ರಕ್ತ ಪೂರ್ತಿ ಚೆನ್ನಾಗಿದ್ರೂ ನರ ಕೆಡಬಹುದು.

ಅಂಗಡಿಯವರು ಕೊಟ್ಟ ಫೋಲಿಕ್ ಆಸಿಡ್ ಮಾತ್ರೆ ಒಂದನ್ನೇ ಶುರು ಮಾಡಬೇಡಿ. ರಕ್ತ ಸುಧಾರಿಸಿದಂಗೆ ಕಾಣುತ್ತೆ, ನರ ಒಳಗೇ ಹಾಳಾಗ್ತಾ ಇರುತ್ತೆ. ಇನ್ನೊಂದು, ಇಂಟ್ರಿನ್ಸಿಕ್ ಫ್ಯಾಕ್ಟರ್ ಆಂಟಿಬಾಡಿ ಟೆಸ್ಟ್‌ಗೆ ಇಂಜೆಕ್ಷನ್‌ಗೆ ಮುಂಚೆ ರಕ್ತ ಕೊಡಿಸಿ. ಪಾಸಿಟಿವ್ ಬಂದ್ರೆ ಪರ್ನಿಷಿಯಸ್ ಅನೀಮಿಯಾ ಹೆಚ್ಚುಕಮ್ಮಿ ಖಚಿತ, ನೆಗೆಟಿವ್ ಬಂದ್ರೆ ಇಲ್ಲ ಅಂತ ಅರ್ಥ ಅಲ್ಲ. ನಾಳೆ ತುಮಕೂರಿಗೆ ಬರುವಾಗ ಪ್ಯಾಂಟೊಪ್ರಜೋಲ್ ಚೀಟಿನೂ ತನ್ನಿ, ಅದು ಇನ್ನೂ ಬೇಕಾ ಅಂತ ಡಾಕ್ಟ್ರನ್ನೇ ಕೇಳೋಣ.